ಗ್ಲಾಸ್ಗೋಗೆ ಒಂದೇ ಜೊತೆ ಶೂ ಅಂದ್ರೆ ಯಾವುದು?

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ಕಡೆಯವಳು, ಸೆಪ್ಟೆಂಬರ್‌ನಲ್ಲಿ ಎಂಎಸ್‌ಸಿ ಮಾಡೋಕೆ ಗ್ಲಾಸ್ಗೋಗೆ ಹೋಗ್ತಿದೀನಿ, ಒಂದು ವರ್ಷದ ಕೋರ್ಸು. ಲಗೇಜ್ ತೂಕನೂ ಲೆಕ್ಕ, ದುಡ್ಡೂ ಲೆಕ್ಕ, ಹಾಗಾಗಿ ಒಂದೇ ಒಂದು ಜೊತೆ ಒಳ್ಳೆ ಶೂ ಅಂತ ಇದೀನಿ. ಅಪ್ಪ ಒಳಗೆ ಉಣ್ಣೆ ಇರೋ ಸ್ನೋ ಬೂಟ್ ತಗೋ ಅಂತಾರೆ, ಅಣ್ಣ ವಾಟರ್‌ಪ್ರೂಫ್ ಸ್ನೀಕರ್ ಸಾಕು ಅಂತಾನೆ. ಮಳೆ ಏನು ನಮಗೆ ಹೊಸದಲ್ಲ ಬಿಡಿ. ಹತ್ತು ಸಾವಿರದ ಆಸುಪಾಸಲ್ಲಿ ಯಾವುದು ತಗೊಳ್ಳಲಿ, ಇಲ್ಲೇ ತಗೊಳ್ಳೋದಾ ಅಲ್ಲಿಗೆ ಹೋಗಿ ತಗೊಳ್ಳೋದಾ?

ಉತ್ತರ: ಮಳೆ ಹೊಸದಲ್ಲ ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನಿಮ್ಮೂರಿನ ಮಳೆ ಲೆಕ್ಕ ಅಲ್ಲಿ ಕೆಲಸಕ್ಕೆ ಬರಲ್ಲ. ಆಗುಂಬೆಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಸುರಿಯತ್ತೆ, ಗ್ಲಾಸ್ಗೋದಲ್ಲಿ ಅದರ ಆರನೇ ಒಂದು ಭಾಗ ಅಂದ್ಕೊಳ್ಳಿ, ಬೆಂಗಳೂರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದ್ರೆ ಅಷ್ಟೂ ಮಳೆ ವರ್ಷದಲ್ಲಿ ಹೆಚ್ಚುಕಮ್ಮಿ 170 ದಿನಕ್ಕೆ ಹಂಚ್ಕೊಂಡು ಜಿಟಿಜಿಟಿ ಅಂತ ಬೀಳತ್ತೆ, ಇವತ್ತು ನಿಂತ್ರೂ ಫುಟ್‌ಪಾತ್ ಒಣಗೋ ಅಷ್ಟರಲ್ಲಿ ಮತ್ತೆ ಶುರು. ಊರಲ್ಲಿ ಚಪ್ಪಲಿಲಿ ನೆಂದ್ಕೊಂಡು ಬಂದ್ರೂ ಕಾಲು ತೊಳೆದು ಬಚ್ಚಲೊಲೆ ಮುಂದೆ ಹತ್ತು ನಿಮಿಷ ಕೂತ್ರೆ ಆಯ್ತು, ಆ ಮಳೆ ಅಷ್ಟೇನೂ ತಣ್ಣಗಿರಲ್ಲ. ಅಲ್ಲಿ ಡಿಸೆಂಬರ್ ಜನವರಿಲಿ ಹಗಲು ಆರೇಳು ಡಿಗ್ರಿ, ರಾತ್ರಿ ಒಂದೆರಡು. ಆ ಚಳೀಲಿ ಕಾಲು ಒಣಗಿದ್ರೆ ಒಂದು ಒಳ್ಳೆ ಕಾಲುಚೀಲ ಸಾಕು, ಒದ್ದೆ ಆಯ್ತು ಅಂದ್ರೆ ಎಷ್ಟು ದಪ್ಪ ಶೂ ಹಾಕಿದ್ರೂ ಅರ್ಧ ಗಂಟೇಲಿ ಬೆರಳು ಮರಗಟ್ಟತ್ತೆ.

ಇನ್ನೊಂದು ವಿಷಯ, ನಿಮ್ಮ ಹತ್ರ ಇರೋದು ಒಂದೇ ಜೊತೆ. ರಾತ್ರಿ ಒಂಬತ್ತಕ್ಕೆ ಲೈಬ್ರರಿಯಿಂದ ಬಂದು ಬಿಚ್ಚಿಡ್ತೀರಾ, ಬೆಳಗ್ಗೆ ಎಂಟಕ್ಕೆ ಮತ್ತೆ ಅದನ್ನೇ ಹಾಕ್ಕೊಬೇಕು. ಮಧ್ಯ ಸಿಗೋದು ಹನ್ನೊಂದು ಗಂಟೆ. ಹಾಗಾಗಿ ಅಂಗಡಿಯವನು ನೀರು ಒಳಗೆ ಬರಲ್ಲ ಮೇಡಂ ಅಂದ ತಕ್ಷಣ ತಲೆ ಆಡಿಸಬೇಡಿ, ಆ ಹನ್ನೊಂದು ಗಂಟೇಲಿ ಒಣಗತ್ತಾ ಅನ್ನೋದನ್ನೂ ನೋಡಿ.

ಅಪ್ಪ ಹೇಳೋ ಸ್ನೋ ಬೂಟ್ ಇಲ್ಲೇ ಫೇಲ್ ಆಗೋದು. ಅದು ಮೈನಸ್ ಹದಿನೈದು ಇಪ್ಪತ್ತು ಇರೋ, ಒಣ ಹಿಮ ಬೀಳೋ ವಿನ್ನಿಪೆಗ್ ಥರದ ಊರಿಗೆ ಸರಿ. ಗ್ಲಾಸ್ಗೋದಲ್ಲಿ ಹಿಮ ಬೀಳತ್ತೆ, ಆದ್ರೆ ನೆಲದ ಮೇಲೆ ನಿಲ್ಲೋದು ಚಳಿಗಾಲದಲ್ಲಿ ಕೆಲವೇ ದಿನ. ಮಿಕ್ಕಿದ ದಿನ ನೀವು ಹೀಟರ್ ಹಾಕಿರೋ ಕ್ಲಾಸು, ಲೈಬ್ರರಿ, ಬಸ್ಸು ಅಂತ ಇಪ್ಪತ್ತು ಡಿಗ್ರಿ ಬೆಚ್ಚಗಿರೋ ಕಡೆ ಆರೇಳು ಗಂಟೆ ಕೂತಿರ್ತೀರಾ, ಒಳಗಿನ ಉಣ್ಣೇಲಿ ಕಾಲು ಬೆವರತ್ತೆ, ಆ ಬೆವರನ್ನ ಉಣ್ಣೆನೇ ಹೀರ್ಕೊಂಡು ಕೂತಿರತ್ತೆ. ಬಹಳ ಬೂಟಲ್ಲಿ ಉಣ್ಣೆ ಹೊಲಿದು ಅಂಟಿಸಿರೋದ್ರಿಂದ ಬಿಚ್ಚಿ ಒಣಗಿಸೋಕೂ ಆಗಲ್ಲ. ಮೂರನೇ ದಿನಕ್ಕೆ ಒಳಗೆ ತೇವ, ಒಂದು ವಾರಕ್ಕೆ ವಾಸನೆ, ರೂಮ್‌ಮೇಟ್ ಮುಖ ಸಿಂಡರಿಸ್ತಾಳೆ.

ಅಣ್ಣ ಹೇಳಿದ್ದು ಅರ್ಧ ಸರಿ. ವಾಟರ್‌ಪ್ರೂಫ್ ಅಂತ ಬರೋ ಹೆಚ್ಚಿನ ಶೂಗಳ ಒಳಗೆ ಒಂದು ತೆಳು ಪೊರೆ ಇರತ್ತೆ, ಗೋರ್‌ಟೆಕ್ಸ್ ಅನ್ನೋದು ಅದರಲ್ಲಿ ಒಂದು ಬ್ರ್ಯಾಂಡ್, ಬೇರೆ ಕಂಪನಿಗಳದ್ದೂ ಇದೆ. ಮೇಲಿನ ಬಟ್ಟೆ ಅಥವಾ ಲೆದರ್‌ಗೂ ಒಳಗಿನ ಲೈನಿಂಗ್‌ಗೂ ಮಧ್ಯ ಕಾಲುಚೀಲದ ಆಕಾರದಲ್ಲಿ ಅದನ್ನ ಕೂರಿಸಿರ್ತಾರೆ, ನೀರಿನ ಹನಿನ ಒಳಗೆ ಬಿಡಲ್ಲ, ಬೆವರಿನ ಆವಿನ ಹೊರಗೆ ಬಿಡತ್ತೆ. ಇದು ನಿಜವಾಗ್ಲೂ ಕೆಲಸ ಮಾಡತ್ತೆ, ಜಾಹೀರಾತಿನ ಮಾತಲ್ಲ. ತೊಂದರೆ ಇರೋದು ಸ್ನೀಕರ್‌ನ ಮೇಲ್ಭಾಗದಲ್ಲಿ. ಜಾಲರಿ ಬಟ್ಟೆ ಮೇಲೆ ನೀರು ಜಾರಿ ಹೋಗ್ಲಿ ಅಂತ ಫ್ಯಾಕ್ಟರಿಲಿ ಒಂದು ಲೇಪ ಹಾಕಿರ್ತಾರೆ, ದಿನಾ ಹಾಕೋ ಶೂಲಿ ಅದು ಕೆಲವು ತಿಂಗಳಿಗೆ ಸವೆದು ಹೋಗತ್ತೆ. ಆಮೇಲೆ ಬಟ್ಟೆ ನೀರು ಕುಡಿಯೋಕೆ ಶುರು, ಪೊರೆ ಇನ್ನೂ ನೀರು ತಡೀತಿದ್ರೂ ಅದರ ಹೊರಗಡೆ ಪೂರ್ತಿ ತಣ್ಣೀರು ತುಂಬ್ಕೊಂಡಿರೋದ್ರಿಂದ ಬೆವರು ಹೊರಗೆ ಹೋಗಲ್ಲ, ಕಾಲಿಗೆ ಒದ್ದೆ ಪಟ್ಟಿ ಕಟ್ಟಿದ ಹಾಗೆ ಅನ್ಸತ್ತೆ, ಜನ ಶೂ ಲೀಕ್ ಆಯ್ತು ಅಂತ ಬೈತಾರೆ. ಜೊತೆಗೆ ಸ್ನೀಕರ್ ಹಿಮ್ಮಡಿಗಂಟಿಗಿಂತ ಕೆಳಗೇ ನಿಲ್ಲತ್ತೆ, ಬಸ್‌ಸ್ಟಾಪ್ ಪಕ್ಕದ ಗುಂಡಿಗೆ ಒಂದು ಸಲ ಕಾಲಿಟ್ರೆ ನೀರು ಮೇಲಿಂದ ನುಗ್ಗತ್ತೆ, ಆಗ ಆ ಪೊರೆ ನೀರನ್ನ ಒಳಗೇ ಹಿಡ್ಕೊಳ್ಳತ್ತೆ. ಹಾಗೆ ತುಂಬಿದ ಶೂ ಒಂದು ರಾತ್ರಿಗೆ ಒಣಗಲ್ಲ.

ಅದಕ್ಕೇ ನಾನು ಹೇಳೋದು, ಹಿಮ್ಮಡಿಗಂಟು ಮುಚ್ಚೋ ಎತ್ತರದ, ನುಣುಪು ಲೆದರ್‌ನ, ಲೇಸ್ ಕಟ್ಟೋ ಕಪ್ಪು ಬೂಟು. ಒಳಗೆ ಪೊರೆ ಇರ್ಲಿ, ಲೈನಿಂಗ್ ತೆಳು ಬಟ್ಟೆದಿರ್ಲಿ, ಇನ್ಸೋಲ್ ಕೈಯಲ್ಲಿ ಎತ್ತಿದ್ರೆ ಹೊರಗೆ ಬರೋ ಥರದ್ದಿರ್ಲಿ. ಲೆದರ್ ಯಾಕೆ ಅಂದ್ರೆ ಅದರ ನೀರು ತಡೆಯೋ ಶಕ್ತಿ ಕಮ್ಮಿಯಾದ್ರೆ ಕ್ರೀಮ್ ಹಚ್ಚಿ ನೀವೇ ಹತ್ತು ನಿಮಿಷದಲ್ಲಿ ವಾಪಸ್ ತರಬಹುದು, ಜಾಲರಿ ಬಟ್ಟೆ ನೀರು ಕುಡಿಯೋ ಅಷ್ಟು ಬೇಗ ಅದು ಕುಡಿಯಲ್ಲ. ಕಪ್ಪು ಯಾಕೆ ಅಂದ್ರೆ ಪಾರ್ಟ್‌ಟೈಮ್ ಕೆಲಸಕ್ಕೆ ಹೋದಾಗ ಬಹಳ ಕಡೆ ಕಪ್ಪು ಶೂನೇ ಕೇಳ್ತಾರೆ, ಇಂಟರ್‌ವ್ಯೂಗೂ ನಡೆಯತ್ತೆ. ಸ್ವೀಡ್ ಅನ್ನೋ ಮಖಮಲ್ ಥರದ ಲೆದರ್ ಮುಟ್ಟಬೇಡಿ, ನೋಡೋಕೆ ಚೆಂದ, ಆ ಊರಿಗಲ್ಲ. ಸೋಲ್ ಬದಲಾಯಿಸಬಹುದು ಅಂತ ಸುತ್ತ ಹೊಲಿಗೆ ಹಾಕಿರೋ ದುಬಾರಿ ಬೂಟುಗಳನ್ನ ಯಾರಾದ್ರೂ ಹೊಗಳಿದ್ರೆ ಕೇಳಿ ಸುಮ್ನಾಗಿ, ಒಂದು ವರ್ಷದ ಕೋರ್ಸಿಗೆ ಆ ದುಡ್ಡು ವಸೂಲಾಗಲ್ಲ.

ಅಂಗಡಿಲಿ ಕೈಯಲ್ಲಿ ಹಿಡಿದಾಗ ಎರಡು ಜಾಗ ನೋಡಿ. ಒಂದು, ಲೇಸ್ ಸಡಿಲ ಮಾಡಿ ನಾಲಿಗೆ ಎತ್ತಿ. ನಾಲಿಗೆಯ ಎರಡೂ ಬದಿ ಮಡಿಕೆ ಥರ ಶೂಗೆ ಸೇರ್ಕೊಂಡು ಮೇಲಿನವರೆಗೂ ಹೊಲಿದಿದ್ರೆ ಸರಿ, ಬಿಡಿಯಾಗಿ ನೇತಾಡ್ತಿದ್ರೆ ಪೊರೆ ಇದ್ರೂ ಅಲ್ಲಿಂದ ನೀರು ಬರತ್ತೆ. ಎರಡು, ಸೋಲ್‌ನ ಉಗುರಿಂದ ಒತ್ತಿ. ಗಟ್ಟಿ ಪ್ಲಾಸ್ಟಿಕ್ ಥರ ಇದ್ರೆ ಬಿಡಿ, ಉಗುರು ಸ್ವಲ್ಪ ಒಳಗೆ ಹೋಗಿ ಮತ್ತೆ ಸಮ ಆದ್ರೆ ಮೆತ್ತನೆ ರಬ್ಬರ್, ಚಳೀಲೂ ಹಿಡಿತ ಇರತ್ತೆ. ಟ್ರೆಕ್ಕಿಂಗ್ ಬೂಟ್ ಥರ ದೊಡ್ಡ ದೊಡ್ಡ ಹಲ್ಲು ಇದ್ರೆ ಒಳ್ಳೇದು ಅಂತ ಅನ್ಸತ್ತೆ, ಅದು ಕೆಸರಿಗೆ. ನುಣ್ಣನೆ ಒದ್ದೆ ಕಲ್ಲಿನ ಮೇಲೆ ಆ ಹಲ್ಲುಗಳ ತುದಿ ಮಾತ್ರ ತಾಗತ್ತೆ, ಜಾರತ್ತೆ. ಅಲ್ಲಿ ಯೂನಿವರ್ಸಿಟಿ ಇರೋದೇ ಗುಡ್ಡದ ಮೇಲೆ, ಅಕ್ಟೋಬರ್ ನವೆಂಬರ್‌ಲಿ ಉದುರಿದ ಎಲೆ ಇಳಿಜಾರಲ್ಲಿ ಕೊಳೆತು ಲೋಳೆಯಾಗಿರತ್ತೆ, ಹಾಗಾಗಿ ಸಣ್ಣ ಸಣ್ಣ ಗೆರೆ ಒತ್ತೊತ್ತಾಗಿ ಇರೋ ಅಗಲ ಸೋಲ್ ಬೇಕು.

ಎಲ್ಲಿ ತಗೊಳ್ಳೋದು ಅಂದ್ರೆ ಅಲ್ಲೇ. ಸೆಪ್ಟೆಂಬರ್‌ನಲ್ಲಿ ಹಗಲು ಹದಿನೈದು ಡಿಗ್ರಿ ಹತ್ರ ಇರತ್ತೆ, ಈಗಿರೋ ಶೂ ಹಾಕ್ಕೊಂಡೇ ವಿಮಾನ ಹತ್ತಿ, ಮೊದಲ ಎರಡು ವಾರ ಅದರಲ್ಲೇ ನಡೆಯತ್ತೆ. ನಿಮ್ಮ ಬಜೆಟ್ ಅಲ್ಲಿ ಎಂಬತ್ತು ತೊಂಬತ್ತು ಪೌಂಡ್ ಆಗಬಹುದು, ಸೇಲ್ ನೋಡ್ಕೊಂಡು ತಗೊಂಡ್ರೆ ಅಷ್ಟರಲ್ಲಿ ಸಿಗತ್ತೆ. ನಾನು ಅಲ್ಲೇ ಅನ್ನೋಕೆ ಮುಖ್ಯ ಕಾರಣ ವಾಪಸ್ ಕೊಡೋ ಸೌಲಭ್ಯ. ಬ್ರಿಟನ್‌ನ 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ವಸ್ತು ದೋಷದ್ದಾಗಿದ್ರೆ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು, ವಾಟರ್‌ಪ್ರೂಫ್ ಅಂತ ಮಾರಿದ ಶೂಲಿ ನೀರು ಬಂದ್ರೆ ಅದು ದೋಷನೇ. ಆನ್‌ಲೈನ್ ತಗೊಂಡ್ರೆ ಕೈಗೆ ಬಂದ 14 ದಿನದೊಳಗೆ ಕಾರಣ ಹೇಳದೇನೂ ಕ್ಯಾನ್ಸಲ್ ಮಾಡಬಹುದು, ಆದ್ರೆ ಮನೆ ಒಳಗೆ ಮಾತ್ರ ಹಾಕಿ ನೋಡಿ, ರೋಡಿಗೆ ಇಳಿಸಿದ್ರೆ ವಾಪಸ್ ಕೊಡೋ ದುಡ್ಡಲ್ಲಿ ಅವರು ಕಡಿತ ಮಾಡಬಹುದು. ಶಿವಮೊಗ್ಗದಲ್ಲೋ ಬೆಂಗಳೂರಲ್ಲೋ ತಗೊಂಡು ಅಲ್ಲಿ ಹೋಗಿ ನೀರು ಬಂದ್ರೆ ಯಾರನ್ನ ಕೇಳ್ತೀರಾ?

ಟ್ರಯಲ್‌ಗೆ ಸಾಯಂಕಾಲ ಹೋಗಿ, ಹೊತ್ತು ಕಳೀತಾ ಕಾಲು ಸ್ವಲ್ಪ ಊದಿರತ್ತೆ. ಉಣ್ಣೆ ಕಾಲುಚೀಲ ಮೊದಲು ತಗೊಂಡು ಅದನ್ನ ಹಾಕ್ಕೊಂಡೇ ಶೂ ನೋಡಿ. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು, ಮೆಟ್ಟಿಲು ಇಳಿಯುವಾಗ ಬೆರಳು ಮುಂದೆ ತಾಗಬಾರದು. ನಮ್ಮ ಹೆಣ್ಮಕ್ಕಳಲ್ಲಿ ಸಣ್ಣವರಿದ್ದಾಗಿಂದ ಬರಿಗಾಲಲ್ಲಿ ಓಡಾಡಿ ಪಾದದ ಮುಂಭಾಗ ಅಗಲ ಇರೋರು ಬಹಳ ಜನ, ಅಂಥವರು ಒಂದು ಸೈಜ್ ದೊಡ್ಡದು ತಗೊಳ್ಳೋ ಬದಲು ಅದೇ ಸೈಜಲ್ಲಿ ಅಗಲದ ಫಿಟಿಂಗ್ ಕೇಳಿ. ಅದೂ ಆಗದಿದ್ರೆ ಗಂಡಸರ ಸೆಕ್ಷನ್‌ಲಿ ಸಣ್ಣ ಸೈಜ್ ನೋಡಿ, ನಾಚಿಕೆ ಏನಿಲ್ಲ. ಬಿಗಿ ಶೂಲಿ ರಕ್ತ ಸರಿಯಾಗಿ ಓಡಲ್ಲ, ಚಳಿ ಇನ್ನೂ ಜಾಸ್ತಿ ಆಗತ್ತೆ.

ತಗೊಂಡ ಮೇಲೆ ಬಿಲ್ ಇಟ್ಕೊಂಡು ಮೂರನೇ ವಾರದೊಳಗೆ ಒಂದು ಪರೀಕ್ಷೆ ಮಾಡಿ. ಒಳಗೆ ಒಣ ಟಿಶ್ಯೂ ಪೇಪರ್ ಹರಡಿ, ಮೇಲೆ ಭಾರಕ್ಕೆ ಪ್ಲಾಸ್ಟಿಕ್ ಕವರಲ್ಲಿ ಅಕ್ಕಿ ಕಟ್ಟಿ ಇಟ್ಟು, ಟಬ್‌ಲಿ ನಾಲ್ಕೈದು ಸೆಂಟಿಮೀಟರ್ ನೀರು ಹಾಕಿ ಅರ್ಧ ಗಂಟೆ ನಿಲ್ಲಿಸಿ, ಮಧ್ಯ ಮಧ್ಯ ಮುಂಭಾಗ ಬಗ್ಗಿಸಿ. ಟಿಶ್ಯೂ ಬೆರಳಿನ ಮಡಿಕೆ ಹತ್ರ ಒದ್ದೆಯಾಗಿದ್ರೆ ಪೊರೆ ಅಲ್ಲಿ ಬಿರಿದಿದೆ, ಅಂಚಲ್ಲಿ ಸುತ್ತ ಒದ್ದೆಯಾಗಿದ್ರೆ ಸೋಲ್ ಅಂಟು ಬಿಟ್ಟಿದೆ, ಎರಡಕ್ಕೂ ವಾಪಸ್ ಕೊಡೋದೇ. ಆಮೇಲೆ ದಿನಬಳಕೇಲಿ ಅನುಮಾನ ಬಂದ್ರೂ ಹೀಗೇ ನೋಡ್ಕೊಳ್ಳಿ, ಎರಡೂ ಶೂ ಒಳಗೆ ಒಂದೇ ಥರ ತೇವ ಇದ್ರೆ ಹೆಚ್ಚಾಗಿ ಅದು ಬೆವರು, ಒಂದೇ ಶೂಲಿ ಒಂದೇ ಜಾಗ ಒದ್ದೆ ಇದ್ರೆ ಲೀಕ್.

ರಾತ್ರಿ ಬಂದ ತಕ್ಷಣ ಇನ್ಸೋಲ್ ಎಳೆದು ಪಕ್ಕಕ್ಕಿಡಿ, ಲೇಸ್ ಪೂರ್ತಿ ಸಡಿಲ ಮಾಡಿ, ಒಳಗೆ ಪೇಪರ್ ಉಂಡೆ ತುರುಕಿ, ಒಂದು ಗಂಟೆ ಬಿಟ್ಟು ಆ ಪೇಪರ್ ತೆಗೆದು ಬೇರೆ ಹಾಕಿ. ಈ ಎರಡನೇ ಸಲ ಹಾಕೋದನ್ನ ಯಾರೂ ಮಾಡಲ್ಲ, ಒದ್ದೆ ಪೇಪರ್ ರಾತ್ರಿಯಿಡೀ ಒಳಗೇ ಇದ್ರೆ ಒಣಗೋದು ಎಲ್ಲಿಂದ ಬಂತು. ರೂಮ್‌ಲಿರೋ ರೇಡಿಯೇಟರ್ ಮೇಲೆ ಮಾತ್ರ ಇಡಬೇಡಿ, ಆ ಶಾಖಕ್ಕೆ ಸೋಲ್ ಅಂಟು ಬಿಡತ್ತೆ, ಲೆದರ್ ಬಿರುಕು ಬಿಡತ್ತೆ, ಹೋದ ಹುಡುಗರೆಲ್ಲ ಮೊದಲ ತಿಂಗಳಲ್ಲೇ ಮಾಡ್ಕೊಳ್ಳೋ ಎಡವಟ್ಟು ಇದೇ. ಮೂರು ನಾಲ್ಕು ಅಡಿ ದೂರ ಗಾಳಿ ಆಡೋ ಕಡೆ ಇಟ್ರೆ ಬೆಳಗ್ಗೆ ಹೊತ್ತಿಗೆ ಹಾಕೋ ಹಾಗಾಗಿರತ್ತೆ. ಕಾಟನ್ ಕಾಲುಚೀಲ ಬಿಡಿ, ನೀರು ಹೀರ್ಕೊಂಡು ಬಿಡೋದೇ ಇಲ್ಲ, ಉಣ್ಣೆ ಜಾಸ್ತಿ ಇದ್ದು ಸ್ವಲ್ಪ ನೈಲಾನ್ ಸೇರಿರೋದು ನಾಲ್ಕು ಜೊತೆ ಸಾಕು. ರೂಮಲ್ಲಿ ಹಾಕೋಕೆ ಹವಾಯಿ ಚಪ್ಪಲಿ ಊರಿಂದಲೇ ತಗೊಂಡ್ಹೋಗಿ, ಅದನ್ನ ಲೆಕ್ಕಕ್ಕೆ ಹಿಡೀಬೇಡಿ.

ಚಳಿಗಾಲದಲ್ಲಿ ರೋಡ್ ಹೆಪ್ಪುಗಟ್ಟದೇ ಇರ್ಲಿ ಅಂತ ಉಪ್ಪು ಹಾಕ್ತಾರೆ, ಲೆದರ್ ಮೇಲೆ ಬಿಳಿ ಗೆರೆ ಕೂರತ್ತೆ, ಅವತ್ತೇ ಒದ್ದೆ ಬಟ್ಟೇಲಿ ಒರೆಸಿಬಿಡಿ. ತಿಂಗಳಿಗೊಂದು ಸಲ, ಮಳೆ ಜಾಸ್ತಿ ಇದ್ದಾಗ ಎರಡು ಸಲ, ಪೊರೆ ಇರೋ ಶೂಗೆ ಆಗತ್ತೆ ಅಂತ ಡಬ್ಬಿ ಮೇಲೆ ಬರೆದಿರೋ ಕ್ರೀಮ್ ತೆಳುವಾಗಿ ಹಚ್ಚಿ, ದಪ್ಪ ಗ್ರೀಸ್ ಬೇಡ, ಬೆವರು ಹೋಗೋ ದಾರಿ ಮುಚ್ಚಿಹೋಗತ್ತೆ. ಅಮ್ಮ ಲಗೇಜಲ್ಲಿ ಕೊಬ್ಬರಿ ಎಣ್ಣೆ ಹಾಕೇ ಹಾಕ್ತಾರೆ, ಚಪ್ಪಲಿಗೆ ಹಚ್ಚೋ ಅಭ್ಯಾಸ ನಮ್ಮಲ್ಲಿ ಕೆಲವು ಮನೇಲಿದೆ, ಅದನ್ನ ತಲೆಗೇ ಇಟ್ಕೊಳ್ಳಿ. 24 ಡಿಗ್ರಿ ಕೆಳಗೆ ಅದು ಗಟ್ಟಿಯಾಗತ್ತೆ, ಗ್ಲಾಸ್ಗೋ ಬೀದೀಲಿ ಬೂಟಿನ ಹೊಲಿಗೆ ಸಂದಿಯಲ್ಲೆಲ್ಲ ಬೆಳ್ಳಗೆ ಕೂತಿರತ್ತೆ.