ಏಳು ಬಣ್ಣದ ಚಕ್ರದ ಚಾರ್ಟ್ ಎಲ್ಲಿಂದ ಬಂತು?

ಪ್ರಶ್ನೆ: ಯೋಗ ಕ್ಲಾಸಿನಲ್ಲಿ ಏಳು ಬಣ್ಣದ ಚಕ್ರಗಳ ಚಾರ್ಟ್ ಕೊಟ್ಟಿದ್ದಾರೆ. ಅದರಲ್ಲಿ ಮಣಿಪೂರ ಅಂದರೆ ಬೆಂಕಿ. ಅಮ್ಮ ಓದುವ ಸೌಂದರ್ಯಲಹರಿಯಲ್ಲಿ ಮಣಿಪೂರದಲ್ಲಿ ನೀರು ಅಂತಿದೆ. ಯಾವುದು ಸರಿ? ನನ್ನ ಯಾವ ಚಕ್ರ ಬ್ಲಾಕ್ ಆಗಿದೆ ಅಂತ ತಿಳಿಯೋದು ಹೇಗೆ?

ಅದೇ ಶ್ಲೋಕದ ಮುಂದೆ ಅದೇ ಚಾರ್ಟ್ ಹಿಡಿದು ನಾನೂ ಕೂತಿದ್ದೆ. ನಿಮ್ಮ ಎರಡನೆಯ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ, ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಅಮ್ಮನ ಪುಸ್ತಕ ತೆಗೆಯಿರಿ.

ಒಂಬತ್ತನೆಯ ಶ್ಲೋಕ ‘ಮಹೀಂ ಮೂಲಾಧಾರೇ ಕಮಪಿ ಮಣಿಪೂರೇ ಹುತವಹಂ ಸ್ಥಿತಂ ಸ್ವಾಧಿಷ್ಠಾನೇ’ ಎಂದು ಶುರುವಾಗುತ್ತದೆ. ಮೂಲಾಧಾರದಲ್ಲಿ ಭೂಮಿ, ಮಣಿಪೂರದಲ್ಲಿ ನೀರು, ಸ್ವಾಧಿಷ್ಠಾನದಲ್ಲಿ ಬೆಂಕಿ. ಇದು ಅಚ್ಚಿನ ತಪ್ಪಲ್ಲ. 36ರಿಂದ 41ರವರೆಗಿನ ಶ್ಲೋಕಗಳಲ್ಲಿ ಅದೇ ಆರು ಚಕ್ರಗಳು ಮೇಲಿನಿಂದ ಕೆಳಕ್ಕೆ ಮತ್ತೊಮ್ಮೆ ಬರುತ್ತವೆ. ಅಲ್ಲಿಯೂ 39ರಲ್ಲಿ ಸ್ವಾಧಿಷ್ಠಾನದ ಬೆಂಕಿ ಲೋಕವನ್ನು ಸುಡುತ್ತದೆ, 40ರಲ್ಲಿ ಮಣಿಪೂರದ ಕಪ್ಪು ಮೋಡ ಮಳೆ ಸುರಿಸುತ್ತದೆ. ಅಂದರೆ ಸೌಂದರ್ಯಲಹರಿಯ ಪಂಥದಲ್ಲಿ ಮಣಿಪೂರಕ್ಕೆ ನೀರು ಎಂಬುದು ಬೇಕೆಂದೇ ಇಟ್ಟ ಕ್ರಮ. ನಿಮ್ಮ ಚಾರ್ಟಿನ ಕ್ರಮ ಬೇರೆ ಕಡೆಯಿಂದ ಬಂದದ್ದು. ಬಂಗಾಳದ ಪೂರ್ಣಾನಂದ ಯತಿ 1577ರಲ್ಲಿ ಬರೆದ ‘ಷಟ್ಚಕ್ರನಿರೂಪಣ’ದಲ್ಲಿ ನೀರು ಸ್ವಾಧಿಷ್ಠಾನದಲ್ಲಿದೆ, ಬೆಂಕಿ ಮಣಿಪೂರದಲ್ಲಿದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಕೆಳಗಿನಿಂದ ಮೇಲಕ್ಕೆ ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ ಎಂಬ ಸಾಲು ಕದಲಿಲ್ಲ. ಕದಲಿರುವುದು ಕಮಲದ, ಅಂದರೆ ಚಕ್ರದ, ಹೆಸರು ಮಾತ್ರ. ಸಾಧಕನಿಗೆ ಬೇಕಾದದ್ದೂ ಆ ಸಾಲೇ. ಪೂಜೆಗೆ ಮುಂಚೆ ಮಾಡುವ ಭೂತಶುದ್ಧಿಯಲ್ಲಿ ಸ್ಥೂಲವಾದದ್ದನ್ನು ಸೂಕ್ಷ್ಮವಾದದ್ದರಲ್ಲಿ ಲಯ ಮಾಡಬೇಕು: ಭೂಮಿಯನ್ನು ನೀರಿನಲ್ಲಿ, ನೀರನ್ನು ಬೆಂಕಿಯಲ್ಲಿ, ಬೆಂಕಿಯನ್ನು ಗಾಳಿಯಲ್ಲಿ, ಗಾಳಿಯನ್ನು ಆಕಾಶದಲ್ಲಿ. ಹೀಗೆ ಒಂದೊಂದೇ ಮೆಟ್ಟಿಲು ಕರಗಿಸುತ್ತಾ ಹೋಗುವಾಗ ಮನಸ್ಸು ನಿಲ್ಲಲು ದೇಹದಲ್ಲೊಂದು ಜಾಗ ಬೇಕು. ಚಕ್ರ ಆ ಜಾಗ.

ಎಲ್ಲ ಗೊಂದಲಕ್ಕೂ ಮೂಲವಾದ ತಪ್ಪು ಇಲ್ಲಿದೆ, ಸ್ವಲ್ಪ ಉದ್ದವಾದರೂ ಬಿಡಿಸಿ ಹೇಳುತ್ತೇನೆ. ಗ್ರಂಥದಲ್ಲಿ ‘ಇಲ್ಲಿ ಹನ್ನೆರಡು ದಳದ ಕಮಲವಿದೆ’ ಎಂದು ಬರೆದಿರುವುದನ್ನು ‘ಇಲ್ಲಿ ಹನ್ನೆರಡು ದಳದ ಕಮಲವನ್ನು ಭಾವಿಸು’ ಎಂದು ಓದಬೇಕು. ಅದು ಧ್ಯಾನದ ವಿಧಿ, ಅಂಗರಚನೆಯ ವರದಿ ಅಲ್ಲ. ಇದಕ್ಕೆ ಪುರಾವೆ ದಳಗಳ ಎಣಿಕೆಯಲ್ಲೇ ಇದೆ. ಮೂಲಾಧಾರಕ್ಕೆ 4, ಸ್ವಾಧಿಷ್ಠಾನಕ್ಕೆ 6, ಮಣಿಪೂರಕ್ಕೆ 10, ಅನಾಹತಕ್ಕೆ 12, ವಿಶುದ್ಧಕ್ಕೆ 16, ಆಜ್ಞೆಗೆ 2. ಕೂಡಿಸಿದರೆ 50. ಸಂಸ್ಕೃತ ವರ್ಣಮಾಲೆಯ ಅಕ್ಷರಗಳೂ ಕ್ಷಕಾರವನ್ನು ಸೇರಿಸಿಕೊಂಡು 50.

ಅಂತರ್ಮಾತೃಕಾ ನ್ಯಾಸ ಮಾಡುವವರು ಇದನ್ನು ಹೇಗೆ ಬಳಸುತ್ತಾರೆ ನೋಡಿ. ಗಂಟಲಿನ ವಿಶುದ್ಧದ ಹದಿನಾರು ದಳಗಳಲ್ಲಿ ಅಕಾರದಿಂದ ಅಃ ತನಕ ಹದಿನಾರು ಸ್ವರ. ಎದೆಯ ಅನಾಹತದಲ್ಲಿ ಕಕಾರದಿಂದ ಠಕಾರದವರೆಗೆ ಹನ್ನೆರಡು. ಹೊಕ್ಕುಳಿನ ಮಣಿಪೂರದಲ್ಲಿ ಡಕಾರದಿಂದ ಫಕಾರದವರೆಗೆ ಹತ್ತು. ಅದರ ಕೆಳಗೆ ಬ, ಭ, ಮ, ಯ, ರ, ಲ. ಬುಡದಲ್ಲಿ ವ, ಶ, ಷ, ಸ. ಆಮೇಲೆ ಹುಬ್ಬುಗಳ ನಡುವೆ ಹ, ಕ್ಷ. ಒಂದೊಂದು ಅಕ್ಷರಕ್ಕೂ ಸೊನ್ನೆ ಹಚ್ಚಿ, ‘ಕಂ ನಮಃ, ಖಂ ನಮಃ’ ಎನ್ನುತ್ತಾ ದಳದಿಂದ ದಳಕ್ಕೆ ಸಾಗುತ್ತಾರೆ. ವರ್ಣಮಾಲೆ ಮುಗಿದಾಗ ದಳಗಳೂ ಮುಗಿಯುತ್ತವೆ, ಒಂದೂ ಉಳಿಯುವುದಿಲ್ಲ. ದೇಹವನ್ನು ಕೊಯ್ದು ಎಣಿಸಿದ ಲೆಕ್ಕ ವರ್ಣಮಾಲೆಗೆ ಇಷ್ಟು ಸರಿಯಾಗಿ ಹೊಂದಲಾರದು. ದೇಹದ ತುಂಬ ಮಂತ್ರವನ್ನು ತುಂಬಲು ಮಾಡಿಕೊಂಡ ಏರ್ಪಾಡು ಇದು.

ಕೊಯ್ದು ನೋಡಿದವರೂ ಇದ್ದಾರೆ. ಆರ್ಯ ಸಮಾಜದ ದಯಾನಂದ ಸರಸ್ವತಿಯವರು ತರುಣರಾಗಿ ಅಲೆಯುತ್ತಿದ್ದಾಗ ಗಂಗೆಯಲ್ಲಿ ತೇಲಿಬಂದ ಹೆಣವೊಂದನ್ನು ದಡಕ್ಕೆ ಎಳೆದು, ಚಾಕುವಿನಿಂದ ಸೀಳಿ, ಕೈಯಲ್ಲಿದ್ದ ಯೋಗಗ್ರಂಥದ ವರ್ಣನೆಗೆ ಹೋಲಿಸಿದರು. ಏನೂ ತಾಳೆಯಾಗಲಿಲ್ಲ. ಪುಸ್ತಕವನ್ನು ಹರಿದು ಹೆಣದ ಜೊತೆಗೇ ಹೊಳೆಗೆ ಎಸೆದರು. ಆತ್ಮಕಥನದಲ್ಲಿ ಅವರೇ ಹೇಳಿಕೊಂಡ ಸಂಗತಿ ಇದು. ಅವರ ಪ್ರಾಮಾಣಿಕತೆ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ, ಆದರೆ ಧ್ಯಾನದ ವಿಧಿಯನ್ನು ಚಾಕುವಿನಿಂದ ಪರೀಕ್ಷಿಸಲು ಆಗುವುದಿಲ್ಲ. ಇಂದು ಚಕ್ರಗಳನ್ನು ನರಗಳ ಗಂಟು, ಥೈರಾಯ್ಡ್, ಪಿನಿಯಲ್ ಗ್ರಂಥಿಗಳಿಗೆ ಜೋಡಿಸುವವರು ಅದೇ ತಪ್ಪನ್ನು ತಿರುಗುಮುರುಗಾಗಿ ಮಾಡುತ್ತಿದ್ದಾರೆ. ದಯಾನಂದರು ‘ಸಿಗಲಿಲ್ಲ, ಆದ್ದರಿಂದ ಸುಳ್ಳು’ ಎಂದರು. ಇವರು ‘ನಿಜ, ಆದ್ದರಿಂದ ಎಲ್ಲೋ ಸಿಗಲೇಬೇಕು’ ಎನ್ನುತ್ತಾರೆ.

ವಿಧಿ ಎಂದು ಒಪ್ಪಿದ ಮೇಲೆ ಸಂಖ್ಯೆ ಬದಲಾಗುವುದೂ ಸಹಜ ಅನ್ನಿಸುತ್ತದೆ. ಬೌದ್ಧರ ಹೇವಜ್ರ ತಂತ್ರದಲ್ಲಿ ನಾಲ್ಕೇ ಚಕ್ರ. ನಾಥರ ಸಿದ್ಧಸಿದ್ಧಾಂತಪದ್ಧತಿಯಲ್ಲಿ ಒಂಬತ್ತು. ನಮಗೆ ಪರಿಚಿತವಾದ ಆರರ ಕ್ರಮ ಕುಬ್ಜಿಕೆಯನ್ನು ಆರಾಧಿಸುವ ಶಾಕ್ತ ಪಂಥದಲ್ಲಿ ಸುಮಾರು ಸಾವಿರ ವರ್ಷದ ಹಿಂದೆ ಗಟ್ಟಿಯಾಗಿ, ಹಠಯೋಗದ ಗ್ರಂಥಗಳ ಮೂಲಕ ಎಲ್ಲೆಡೆ ಹರಡಿತು. ಸಹಸ್ರಾರವನ್ನು ಆ ಆರರ ಸಾಲಿಗೆ ಸೇರಿಸುತ್ತಿರಲಿಲ್ಲ, ಅದು ಆರನ್ನೂ ಭೇದಿಸಿ ತಲುಪುವ ನೆಲೆ. ಪೂರ್ಣಾನಂದರ ಗ್ರಂಥದ ಹೆಸರಿನಲ್ಲೇ ‘ಷಟ್’ ಇದೆ.

ನಮ್ಮ ನಾಡಿನಲ್ಲಿ ಷಟ್‌ಸ್ಥಲದ ಶರಣರು ಈ ಆರನ್ನೇ ತೆಗೆದುಕೊಂಡು ತಮ್ಮದೇ ತುಂಬಿದರು. ಆಧಾರದಲ್ಲಿ ಆಚಾರಲಿಂಗ, ಸ್ವಾಧಿಷ್ಠಾನದಲ್ಲಿ ಗುರುಲಿಂಗ, ಮಣಿಪೂರಕದಲ್ಲಿ ಶಿವಲಿಂಗ, ಅನಾಹತದಲ್ಲಿ ಜಂಗಮಲಿಂಗ, ವಿಶುದ್ಧಿಯಲ್ಲಿ ಪ್ರಸಾದಲಿಂಗ, ಆಜ್ಞೆಯಲ್ಲಿ ಮಹಾಲಿಂಗ. ನಮಃಶಿವಾಯದ ಐದಕ್ಷರ ಮತ್ತು ಓಂಕಾರ ಕ್ರಮವಾಗಿ ಆ ಆರಕ್ಕೆ. ಜಾಗ ಅದೇ, ಸಾಧನೆ ಬೇರೆ.

ಇನ್ನು ಕಾಮನಬಿಲ್ಲಿನ ಕಥೆ. ಪೂರ್ಣಾನಂದರ ಕೃತಿಯನ್ನು ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶ ಜಾನ್ ವುಡ್ರೋಫ್, ಆರ್ಥರ್ ಅವಲಾನ್ ಎಂಬ ಹೆಸರಿನಲ್ಲಿ 1919ರಲ್ಲಿ ಇಂಗ್ಲಿಷಿಗೆ ತಂದರು. ಪಶ್ಚಿಮದವರ ಕೈಗೆ ಸಿಕ್ಕ ಮುಖ್ಯ ಪಠ್ಯ ಇದು. ಹಾಗಾಗಿ ಹಲವು ಕ್ರಮಗಳಲ್ಲಿ ಒಂದಾಗಿದ್ದ ಬಂಗಾಳದ ಕ್ರಮ ‘ಚಕ್ರಗಳ ಕ್ರಮ’ವೇ ಆಗಿಬಿಟ್ಟಿತು. 1927ರಲ್ಲಿ ಮದರಾಸಿನ ಅಡ್ಯಾರಿನಿಂದ ಥಿಯಾಸಫಿಸ್ಟ್ ಲೆಡ್‌ಬೀಟರ್ ಅವರ ಚಕ್ರಗಳ ಪುಸ್ತಕ ಬಂತು. ಅವರು ತಮ್ಮ ದಿವ್ಯದೃಷ್ಟಿಗೆ ಕಂಡದ್ದು ಎಂದು ತಿರುಗುವ ಚಕ್ರಗಳ ಬಣ್ಣದ ಚಿತ್ರಗಳನ್ನು ಕೊಟ್ಟರು. ಸ್ವಾಧಿಷ್ಠಾನವನ್ನು ತೆಗೆದು ಗುಲ್ಮದ ಹತ್ತಿರ ಬೇರೊಂದು ಚಕ್ರ ಇಟ್ಟರು. ಅವರ ಎದೆಯ ಚಕ್ರದ ಬಣ್ಣ ಹೊಂಬಣ್ಣ, ಹಸಿರಲ್ಲ. ಅಂದರೆ 1927ಕ್ಕೂ ನಿಮ್ಮ ಚಾರ್ಟ್ ಹುಟ್ಟಿರಲಿಲ್ಲ.

ಕೆಂಪಿನಿಂದ ನೇರಳೆಯವರೆಗೆ ಕಾಮನಬಿಲ್ಲನ್ನು ಬೆನ್ನುಹುರಿಯ ಮೇಲೆ ನೇರವಾಗಿ ನಿಲ್ಲಿಸುವ ಕ್ರಮ ಪಶ್ಚಿಮದ ಬಣ್ಣ-ಚಿಕಿತ್ಸೆಯ ವಲಯದಲ್ಲಿ ಬೆಳೆಯಿತು. 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಕ್ರಿಸ್ಟೋಫರ್ ಹಿಲ್ಸ್ ಅಂಥವರ ಬರಹಗಳ ಮೂಲಕ ಅದು ಜನಪ್ರಿಯವಾಯಿತು. 1987ರಲ್ಲಿ ಬಂದ ಅನೋಡಿಯಾ ಜೂಡಿತ್ ಅವರ ಪುಸ್ತಕ ಬಣ್ಣದ ಜೊತೆ ಮನಶ್ಶಾಸ್ತ್ರವನ್ನೂ ಕಟ್ಟಿ ಮನೆಮನೆಗೆ ತಲುಪಿಸಿತು. ಏಳು ಬಣ್ಣ ಎಂಬ ಎಣಿಕೆಯಾದರೂ ನ್ಯೂಟನ್ ಸಂಗೀತದ ಏಳು ಸ್ವರಗಳಿಗೆ ಹೊಂದಿಸಿ ಮಾಡಿದ್ದು. ಸಹಸ್ರಾರವನ್ನೂ ಏಳನೆಯ ಚಕ್ರವಾಗಿ ಎಣಿಸಿದಾಗ ಆ ಏಳು ಬಣ್ಣ ಏಳು ಚಕ್ರಕ್ಕೆ ಹೊಂದಿಕೊಂಡವು.

ಬೆರಕೆ ಎಲ್ಲಿ ಎದ್ದು ಕಾಣುತ್ತದೆ ಎಂದರೆ ಅನಾಹತದಲ್ಲಿ. ಚಾರ್ಟಿನಲ್ಲಿ ಹಸಿರು ಬಣ್ಣ, ಅದರ ಮೇಲೆ ‘ಯಂ’. ಷಟ್ಚಕ್ರನಿರೂಪಣದಲ್ಲಿ ದಳಗಳು ಬಂಧೂಕ ಹೂವಿನಂತೆ ಕೆಂಪು, ಒಳಗೆ ಹೊಗೆಬಣ್ಣದ ಷಟ್ಕೋನ, ಆ ಷಟ್ಕೋನ ಗಾಳಿಯ ಮಂಡಲ, ಗಾಳಿಯ ಬೀಜ ‘ಯಂ’, ವಾಹನ ಕಪ್ಪು ಜಿಂಕೆ. ಬೀಜಾಕ್ಷರ ಭೂತದ್ದು, ಕಮಲದ್ದಲ್ಲ. ಚಾರ್ಟಿನವರು ಬೀಜವನ್ನು ಉಳಿಸಿಕೊಂಡು ಅದು ಕೂರುವ ಮಂಡಲವನ್ನು ಅಳಿಸಿದರು. ಮೂಲಾಧಾರದಲ್ಲೂ ಅಷ್ಟೇ. ದಳ ಕೆಂಪು ಇರುವುದು ಚಾರ್ಟಿಗೆ ಆಕಸ್ಮಿಕವಾಗಿ ಹೊಂದುತ್ತದೆ, ಆದರೆ ‘ಲಂ’ ಕೂರಬೇಕಾದದ್ದು ಭೂಮಿಯ ಹಳದಿ ಚೌಕದಲ್ಲಿ. ಅಮ್ಮನ ಕ್ರಮದಲ್ಲಿ ನಡೆಯುವವರು ಚಾರ್ಟ್ ನೋಡಿ ಮಣಿಪೂರದಲ್ಲಿ ಬೆಂಕಿಯ ಬೀಜ ‘ರಂ’ ಜಪಿಸಿದರೆ ಭೂಮಿ ನೀರಿನಲ್ಲಿ ಕರಗುವ ಮೊದಲೇ ಬೆಂಕಿ ಬಂದು, ಲಯದ ಸಾಲೇ ತುಂಡಾಗುತ್ತದೆ.

‘ಬ್ಲಾಕ್’ ವಿಷಯಕ್ಕೆ ಬರುತ್ತೇನೆ. ಈ ಗ್ರಂಥಗಳಲ್ಲಿ ಚಕ್ರವನ್ನು ಭೇದಿಸುವುದಿದೆ, ನಾಡಿಯಲ್ಲಿ ಮಲ ತುಂಬಿರುವುದಿದೆ, ಬ್ರಹ್ಮ, ವಿಷ್ಣು, ರುದ್ರ ಎಂಬ ಮೂರು ಗ್ರಂಥಿಗಳಿವೆ. ಲಲಿತಾ ಸಹಸ್ರನಾಮ ಓದುವವರಿಗೆ ಈ ಮೂರೂ ಗೊತ್ತು. ‘ಪ್ರೀತಿ ಸಿಗದೆ ಅನಾಹತ ಮುಚ್ಚಿದೆ’ ಎಂಬ ರೋಗಪಟ್ಟಿ ಇಲ್ಲ. ಸ್ವಭಾವಕ್ಕೂ ದಳಕ್ಕೂ ಹಳೆಯ ನಂಟೇ ಇಲ್ಲ ಎನ್ನಲಾರೆ. ದೇವಗಿರಿಯ ಯಾದವ ಸಿಂಘಣನ ಆಸ್ಥಾನದಲ್ಲಿ 13ನೇ ಶತಮಾನದಲ್ಲಿದ್ದ ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ, ಜೀವ ಅನಾಹತದ 1, 8, 11, 12ನೆಯ ದಳಗಳಲ್ಲಿದ್ದಾಗ ಹಾಡು ಸಿದ್ಧಿಸುತ್ತದೆ, 4, 6, 10ರಲ್ಲಿದ್ದಾಗ ಕೆಡುತ್ತದೆ ಎನ್ನುತ್ತಾನೆ. ಅಲ್ಲಿಯೂ ಜೀವ ದಳದಿಂದ ದಳಕ್ಕೆ ಸುತ್ತುತ್ತದೆಯೇ ಹೊರತು ಚಕ್ರ ಕೆಟ್ಟು ನಿಲ್ಲುವುದಿಲ್ಲ. ಎದೆಯಲ್ಲಿ ನೋವಿದ್ದರೆ ಡಾಕ್ಟರ ಹತ್ತಿರ ಹೋಗಿ. ಚಕ್ರ ‘ತೆರೆಸಲು’ ದುಡ್ಡು ಕೇಳಿದರೆ ಕೊಡಬೇಡಿ.

ಚಾರ್ಟನ್ನು ಬಣ್ಣದ ಧ್ಯಾನಕ್ಕೆ ಇಟ್ಟುಕೊಂಡರೆ ನನ್ನ ತಕರಾರಿಲ್ಲ, ಆದರೆ ಆಗ ಬೀಜಾಕ್ಷರಗಳನ್ನು ಅದಕ್ಕೆ ಅಂಟಿಸಬೇಡಿ. ಬೀಜಾಕ್ಷರ ಬೇಕೆಂದರೆ ಒಂದೇ ಪರಂಪರೆಯನ್ನು ಹಿಡಿಯಿರಿ. ಅಮ್ಮನಿಗೆ ಉಪದೇಶವಾಗಿದ್ದರೆ ಅವರ ಗುರುಗಳನ್ನೇ ಕೇಳಿ. ಮನೆಯಲ್ಲಿ ಇಷ್ಟಲಿಂಗ ಪೂಜೆ ಇದ್ದರೆ ಷಟ್‌ಸ್ಥಲದ ಕ್ರಮ ಕೈಗೇ ಸಿಗುತ್ತದೆ. ಯಾರಾದರೂ ಹೊಸ ಚಿತ್ರ ತೋರಿಸಿದರೆ ಮೊದಲು ದಳ ಎಣಿಸಿ: ಸಹಸ್ರಾರ ಬಿಟ್ಟು ಐವತ್ತು ಬರದಿದ್ದರೆ ಅದು ಷಟ್ಚಕ್ರನಿರೂಪಣದ ಕ್ರಮವಲ್ಲ. ಆಮೇಲೆ ‘ಲಂ’ ಇರುವ ಕಡೆ ಹಳದಿ ಚೌಕ ಇದೆಯೇ ನೋಡಿ.