ಮಲ್ಲಕಂಬ ಹೊಸದಾಗಿ ಕಲಿಸುವಾಗ ಮ್ಯಾಟ್ ಎಲ್ಲಿ, ಕೈ ಎಲ್ಲಿ?

ಪ್ರಶ್ನೆ: ನಾನು ಗದಗ ಕಡೆಯ ಒಂದು ಶಾಲೆಯಲ್ಲಿ ಪಿ.ಇ. ಮೇಷ್ಟ್ರು. ಕಂಬ ನೆಟ್ಟಾಗಿದೆ, ಹಗ್ಗವೂ ಬಂದಿದೆ. ಮಕ್ಕಳು 9ರಿಂದ 12 ವರ್ಷದವರು. ನಾನು ಮಲ್ಲಕಂಬ ನೋಡಿದ್ದೇನೆ, ಮಾಡಿಲ್ಲ. ಕಬಡ್ಡಿ ಮ್ಯಾಟ್ ಇವೆ. ಮೊದಲ ಎರಡು ಮೂರು ತಿಂಗಳು ಏನು ಕಲಿಸಲಿ, ಪೆಟ್ಟಾಗದ ಹಾಗೆ ಹೇಗೆ ನೋಡಿಕೊಳ್ಳಲಿ?

ಉತ್ತರ:

ಮೇಷ್ಟ್ರೇ, ಮೂರು ತಿಂಗಳಿಗೆ ಒಂದೇ ಗುರಿ ಇಟ್ಟುಕೊಳ್ಳಿ. ಮಗು ಕಂಬವನ್ನು ತೊಡೆಗಳಲ್ಲಿ ಹಿಡಿದು ತಲೆಕೆಳಗಾಗಿ ನಿಲ್ಲಬೇಕು, ತಾನಾಗಿಯೇ ಇಳಿಯಬೇಕು. ಕೋಚ್‌ಗಳು ಇದನ್ನು ಸಾದಾ ಅಢಿ ಅಂತಾರೆ. ಮುಂದೆ ಬರುವ ಎಷ್ಟೋ ಆಸನಗಳು ಈ ಹಿಡಿತದ ಮೇಲೆಯೇ ನಿಂತಿವೆ. ಕಂಬದ ತುದಿಯಲ್ಲಿ ನಿಲ್ಲುವುದು, ದೂರದಿಂದ ಓಡಿ ಬಂದು ಹಾರಿ ಹಿಡಿಯುವುದು, ಪಿರಮಿಡ್ಡು, ಇವು ಯಾವುದೂ ಈಗ ಬೇಡ. ಆಗಸ್ಟ್ 15ಕ್ಕೆ ಒಂದು ಪಿರಮಿಡ್ ಮಾಡಿಸಿ ಅಂತ ಹೆಡ್ ಮೇಷ್ಟ್ರು ಕೇಳಿಯೇ ಕೇಳುತ್ತಾರೆ. ಆಗಲ್ಲ ಅಂತ ಈಗಲೇ ಹೇಳಿಬಿಡಿ.

ಇನ್ನೊಂದು ಮಾತು. ನೀವೇ ಮಾಡಿಲ್ಲ ಅಂದಿರಿ. ಕೆಳಗೆ ಹೇಳುವುದರಲ್ಲಿ ತಬ್ಬುವುದು, ಹತ್ತುವುದು, ಇಳಿಯುವುದನ್ನು ನೀವೊಬ್ಬರೇ ಕಲಿಸಬಹುದು. ತಲೆಕೆಳಗಾಗುವ ಪಾಠ ಶುರುವಾಗುವ ದಿನ ಮಾತ್ರ ಅನುಭವವಿರುವ ಕೋಚ್ ಒಬ್ಬರು ಪಕ್ಕದಲ್ಲಿ ಇರಲೇಬೇಕು. ಗದಗ, ಬಾಗಲಕೋಟೆ ಕಡೆ ಈ ಆಟ ಇರುವುದರಿಂದ ವಿಚಾರಿಸಿದರೆ ಸಿಗುತ್ತಾರೆ.

ಈಗ ಮ್ಯಾಟ್ ವಿಷಯ. ಕಬಡ್ಡಿ ಮ್ಯಾಟ್ ಮೂರು ನಾಲ್ಕು ಸೆಂ.ಮೀ. ದಪ್ಪ ಇರುತ್ತದೆ ಅಷ್ಟೇ. ಉರುಳುವುದಕ್ಕೆ ಸಾಕು, ಮೇಲಿಂದ ಬೀಳುವುದಕ್ಕೆ ಸಾಲದು. ಅದನ್ನು ಅಡಿಗೆ ಹಾಸಿ, ಮೇಲೆ 20 ಸೆಂ.ಮೀ. ದಪ್ಪದ ಲ್ಯಾಂಡಿಂಗ್ ಮ್ಯಾಟ್ ಇಡಿ. ಎಷ್ಟು ದಪ್ಪ ಅನ್ನುವುದಕ್ಕಿಂತ ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ. ಹೊಸಬರು ದೂರ ಹೋಗಿ ಬೀಳುವುದಿಲ್ಲ. ಕಂಬಕ್ಕೆ ಅಂಟಿಕೊಂಡೇ ಜಾರಿ ಬುಡಕ್ಕೆ ಬರುತ್ತಾರೆ. ಆದರೆ ಹೆಚ್ಚಿನ ಕಡೆ ಮ್ಯಾಟ್‌ಗಳನ್ನು ಕಂಬದ ಎರಡು ಬದಿಗೆ ಇಟ್ಟು ಬುಡದಲ್ಲೇ ಒಂದು ಗೇಣು ಸಂದು ಬಿಟ್ಟಿರುತ್ತಾರೆ. ಪಾದವೋ ತಲೆಯೋ ಹೋಗಿ ಸಿಕ್ಕಿಕೊಳ್ಳುವುದು ಅಲ್ಲೇ. ಹಾಗಾಗಿ ಮ್ಯಾಟ್‌ನಲ್ಲಿ ಅರ್ಧಚಂದ್ರದ ಆಕಾರಕ್ಕೆ ಕತ್ತರಿಸಿ, ಎರಡು ಬದಿಯಿಂದ ಕಂಬಕ್ಕೆ ಒತ್ತಿ ಕೂರಿಸಿ, ಜೋಡಣೆಯ ಮೇಲೆ ವೆಲ್ಕ್ರೊ ಪಟ್ಟಿ ಹಾಕಿ. ಕಂಬದಿಂದ ಎಲ್ಲಾ ದಿಕ್ಕಿಗೂ ಎರಡು ಮೀಟರ್ ಮ್ಯಾಟ್ ಇರಲಿ. ಅದರಾಚೆ ಇನ್ನೊಂದು ಮೀಟರ್ ಖಾಲಿ ನೆಲ. ಅಲ್ಲಿ ಬೆಂಚು, ಬ್ಯಾಗು, ಕಾಯುತ್ತಾ ಕೂತ ಮಕ್ಕಳು, ಏನೂ ಇರಬಾರದು.

ತುಂಬಾ ಮೆತ್ತಗಿನ ಫೋಮ್ ತರಿಸಬೇಡಿ. ಹಾರಿ ಇಳಿದಾಗ ಹಿಮ್ಮಡಿ ಹುದುಗಿ ಪಾದ ತಿರುಗುತ್ತದೆ. ತಲೆ ಮೊದಲು ಬಿದ್ದರೆ ಇನ್ನೂ ಕಷ್ಟ. ತಲೆ ಫೋಮ್‌ನಲ್ಲಿ ಹುದುಗಿ ನಿಲ್ಲುತ್ತದೆ, ಮೈಯ ಭಾರವೆಲ್ಲ ಕತ್ತಿನ ಮೇಲೆ ಬರುತ್ತದೆ. ಹಾಗಾಗಿ ಮ್ಯಾಟ್ ಕಾಲು, ಸೊಂಟ, ಬೆನ್ನು ಕಾಯುತ್ತದೆ ಅಂದುಕೊಳ್ಳಿ. ಕತ್ತನ್ನು ಕಾಯಬೇಕಾದ್ದು ನಿಮ್ಮ ಕೈ. ಗರಡಿಗಳಲ್ಲಿ ಕಂಬದ ಸುತ್ತ ಮಣ್ಣು ಅಗೆದು ಸಡಿಲ ಮಾಡಿರುತ್ತಾರಲ್ವಾ, ಅದು ಪರವಾಗಿಲ್ಲ, ಆದರೆ ದಿನಾ ಅಗೆದು ಕಲ್ಲು ಆರಿಸಬೇಕು. ಒಣಗಿ ಗಟ್ಟಿಯಾದ ಮಣ್ಣು ಸಿಮೆಂಟಿಗೆ ಸಮ.

ಕಂಬಕ್ಕೆ ಹರಳೆಣ್ಣೆ ಹಚ್ಚುತ್ತಾರೆ. ಇದು ಚರ್ಮ ಉಜ್ಜಿ ಕಿತ್ತುಬರದಂತೆ. ಬಟ್ಟೆಯಿಂದ ತೆಳ್ಳಗೆ ಸವರಿ ಒರೆಸಿ. ಅಂಗೈ ಇಟ್ಟರೆ ಹಿಡಿಯಬೇಕು, ಎಣ್ಣೆ ಹೊಳೆಯಬಾರದು. ಹೊಸಬರಿಗೆ ಎಣ್ಣೆ ಜಾಸ್ತಿಯಾದರೂ ಜಾರುತ್ತದೆ, ಬೆವರಾದರೂ ಜಾರುತ್ತದೆ. ಪ್ರತಿ ಮಗು ಇಳಿದ ಮೇಲೆ ಬೆವರು ಒರೆಸಲು ಒಂದು ಒಣ ಬಟ್ಟೆ ಕಂಬದ ಪಕ್ಕದಲ್ಲೇ ಇರಲಿ. ತೊಡಲು ಬಿಗಿಯಾದ ಚಡ್ಡಿ ಸಾಕು. ಪ್ಯಾಂಟ್ ಹಾಕಿದರೆ ತೊಡೆ ಹಿಡಿಯುವುದೇ ಇಲ್ಲ. ಉಂಗುರ, ಬಳೆ, ಸರ, ಉಡಿದಾರ ಎಲ್ಲಾ ತೆಗೆಸಿ.

ಮೊದಲ ವಾರ ಕಂಬ ಮುಟ್ಟಿಸಬೇಡಿ, ಬೀಳುವುದು ಕಲಿಸಿ. ನೆಲದಿಂದ ಜಿಗಿದು ಎರಡು ಪಾದ ಜೊತೆಗೆ, ಮೊಣಕಾಲು ಮಡಚಿ, ಕೈ ಮುಂದೆ ಚಾಚಿ ಇಳಿಯಲಿ. ಆಮೇಲೆ ಒಂದಡಿ ಎತ್ತರದ ಬೆಂಚಿನಿಂದ. ಹಿಂದಕ್ಕೆ ಉರುಳುವಾಗ ಗದ್ದ ಎದೆಗೆ ಒತ್ತಿರಬೇಕು. ಬೀಳುವಾಗ ಹಿಂದಕ್ಕೆ ಕೈ ಊರುವ ಮಗುವಿಗೆ ಮಣಿಕಟ್ಟು ಮುರಿಯಬಹುದು. ಈ ಅಭ್ಯಾಸ ಹೋಗುವವರೆಗೂ ಆ ಮಗು ಕಂಬಕ್ಕೆ ಬರುವುದು ಬೇಡ.

ನಂತರ ತಬ್ಬುವುದು. ಕಂಬವನ್ನು ಕೈಕಾಲು ಎರಡರಲ್ಲೂ ತಬ್ಬಿ ಪಾದ ನೆಲ ಬಿಡಬೇಕು, ಹತ್ತು ಎಣಿಸುವವರೆಗೆ. ಇಲ್ಲಿ ಒಂದನ್ನು ಗಮನಿಸಿ. ಸೊಂಟ ಕಂಬಕ್ಕೆ ಅಂಟಿದೆಯಾ, ಹಿಂದಕ್ಕೆ ಹೋಗಿದೆಯಾ? ಹಿಂದಕ್ಕೆ ಹೋದರೆ ಮಗು ಬರೀ ತೋಳಲ್ಲಿ ನೇತಾಡುತ್ತಿದೆ, ತೊಡೆ ಕೆಲಸ ಮಾಡುತ್ತಿಲ್ಲ. ಅಂಥವರನ್ನು ಹತ್ತಿಸಿದರೆ ತೋಳು ಸೋತ ಕ್ಷಣ ಕೆಳಗೆ. ಹತ್ತುವುದಕ್ಕೆ ನನ್ನದು ಒಂದೇ ನಿಯಮ: ಕೈ ಕಾಲು ಒಂದೊಂದಾಗಿ ಇಟ್ಟು ಎಷ್ಟು ಎತ್ತರದಿಂದ ಇಳಿಯಲು ಬರುತ್ತದೋ ಅಷ್ಟೇ ಎತ್ತರ. ಕಂಬಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಸೊಂಟ ಅದನ್ನು ದಾಟಬಾರದು. ನೆಟ್ಟ ಕಂಬ ಸುಮಾರು ಎಂಟೂವರೆ ಅಡಿ ಇರುತ್ತದೆ. ಮೊದಲ ತಿಂಗಳ ಗೆರೆ ನಿಮ್ಮ ಎದೆಯ ಮಟ್ಟಕ್ಕೆ ಸಾಕು.

ಇನ್ನು ಅಢಿ. ಇಲ್ಲಿ ನಿಧಾನ ಮಾಡಿ. ಸುಮಾರು 130 ಸೆಂ.ಮೀ. ಎತ್ತರದ, ಐದನೇ ಕ್ಲಾಸಿನ ಹುಡುಗ ಅಂತ ಇಟ್ಟುಕೊಳ್ಳಿ. ಅವನು ಕಂಬಕ್ಕೆ ಒತ್ತಿ ನಿಂತು ಒಂದು ಕೈ ಮೇಲೆ, ಇನ್ನೊಂದು ಕೈ ಕೆಳಗೆ ಕಂಬವನ್ನು ಸುತ್ತಿ ಹಿಡಿಯುತ್ತಾನೆ. ತಲೆ ಕಂಬದ ಒಂದು ಬದಿಗೆ. ಸೊಂಟ ಎತ್ತಿ ಕಾಲುಗಳನ್ನು ಮೇಲಕ್ಕೆ ತಂದು, ಒಂದು ತೊಡೆ ಕಂಬದ ಮುಂದೆ, ಒಂದು ಹಿಂದೆ ಇಟ್ಟು ಕತ್ತರಿಯಂತೆ ಒತ್ತುತ್ತಾನೆ. ಕಂಬ ತೊಡೆಯ ಬುಡದಲ್ಲಿ ಕೂರಬೇಕು, ಮೊಣಕಾಲಿನ ಹತ್ತಿರ ಅಲ್ಲ. ಎತ್ತರ ಎಷ್ಟಿರಬೇಕು ಅಂದರೆ, ಕೈ ಕೆಳಗೆ ಚಾಚಿದರೆ ಅಂಗೈ ಮ್ಯಾಟ್ ಮುಟ್ಟಬೇಕು. ಜಾರಿದರೂ ಕೈ ಮೊದಲು ನೆಲಕ್ಕೆ ಬರುವ ಎತ್ತರ ಅದು.

ಮೊದಮೊದಲು ಇಬ್ಬರು ಕಾಯಬೇಕು. ದೊಡ್ಡವರೇ ಆಗಿರಲಿ, ಮಕ್ಕಳನ್ನು ಮಕ್ಕಳಿಂದ ಕಾಯಿಸಬೇಡಿ. ಹುಡುಗನ ಬೆನ್ನಿನ ಕಡೆ ನಿಂತವರದು ಒಂದು ಕೈ ಭುಜದ ಕೆಳಗೆ ಬೆನ್ನಿಗೆ, ಇನ್ನೊಂದು ಸೊಂಟಕ್ಕೆ. ಸೊಂಟದ ಕೈ ಎತ್ತುವುದಕ್ಕಲ್ಲ, ಕಂಬದ ಕಡೆಗೆ ಒತ್ತುವುದಕ್ಕೆ. ಎರಡನೆಯವರು ಎದುರು ಬದಿಯಲ್ಲಿ ತೊಡೆ ಕಾಯುತ್ತಾರೆ. ಪಾದ ಹಿಡಿದು ಮೇಲಕ್ಕೆ ಎಳೆಯಬೇಡಿ. ಕಾಲು ಎತ್ತಿದಷ್ಟೂ ತಲೆ ಬಗ್ಗುತ್ತದೆ, ಹಿಡಿತ ಬಿಡಿಸಿದ ಹಾಗಾಗುತ್ತದೆ. ಕೈ ಎಲ್ಲಿ ಇಡುತ್ತೇನೆ ಅಂತ ಮಗುವಿಗೆ ಮೊದಲೇ ಹೇಳಿ, ತೋರಿಸಿ. ಹುಡುಗಿಯರಿಗೆ ಕಾಯಲು ಟೀಚರಮ್ಮ ಒಬ್ಬರು ಇರಲಿ.

ಮಾತು ಎರಡೇ. ಮಗು "ಹಿಡಿದೆ" ಅನ್ನಬೇಕು, ಕಾಯುವವರು "ಇದ್ದೀನಿ" ಅನ್ನಬೇಕು. ಇದಾಗದೆ ಕೈ ಬಿಡುವಂತಿಲ್ಲ. ಕೈಯನ್ನೂ ಒಮ್ಮೆಲೇ ಬಿಡಿಸಬೇಡಿ. ಮೊದಲು ಕಂಬದ ಮೇಲೆಯೇ ಇಟ್ಟು ಬಿಗಿ ಸಡಿಲಿಸಲು ಹೇಳಿ, ಐದು ಎಣಿಸಿ. ಕಂಬದ ಮೇಲೆ ಸೊಂಟದ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ. ನಾಲ್ಕು ಬೆರಳಿಗಿಂತ ಜಾಸ್ತಿ ಜಾರಿದರೆ ಕಾಲು ಇನ್ನೂ ತಯಾರಿಲ್ಲ, ಮತ್ತೆ ತಬ್ಬುವುದಕ್ಕೆ ಕಳಿಸಿ. ತೊಡೆ ನಡುಗುವುದು, ಉಸಿರು ಕಟ್ಟುವುದು, ಮುಖ ಕೆಂಪಾಗುವುದು, ಇವು ಜಾರುವ ಮುನ್ನ ಕಾಣುವ ಸೂಚನೆ. ಕಂಡ ತಕ್ಷಣ ಇಳಿಸಿ. ಇಳಿಯುವುದು ಹೇಗೆ ಅಂದರೆ, ಎರಡು ಕೈಯಿಂದ ಕಂಬ ಮತ್ತೆ ಹಿಡಿದು ಒಂದೊಂದೇ ಕಾಲು ಕೆಳಗೆ. ಕಾಲು ನೆಲ ಮುಟ್ಟುವವರೆಗೂ ಕಾಯುವವರ ಕೈ ಬೆನ್ನಿಗೇ ಇರಬೇಕು. ಮಾಡಿ ಮುಗಿಸಿದೆ ಅಂತ ನಕ್ಕು ಹಿಡಿತ ಬಿಡುವ ಹುಡುಗರೇ ಹೆಚ್ಚು ಬೀಳುವುದು.

ಒಬ್ಬ ಹುಡುಗಿಯದು ಹೇಳುತ್ತೇನೆ. ಹಿಡಿತ ಗಟ್ಟಿ ಕಾಣುತ್ತಿತ್ತು, ಆದರೆ ಪ್ರತಿ ಸಲ ಎಡಕ್ಕೆ ತಿರುಗಿ ಜಾರುತ್ತಿದ್ದಳು. ಕೆಳಗೆ ಬಗ್ಗಿ ನೋಡಿದರೆ ತಲೆ ಹಿಂದಕ್ಕೆ ಚಾಚಿ ನೆಲ ನೋಡುತ್ತಿದ್ದಳು. ತಲೆ ಹಿಂದೆ ಹೋದರೆ ಬೆನ್ನು ಬಿಲ್ಲಾಗಿ ಸೊಂಟ ಕಂಬ ಬಿಡುತ್ತದೆ. ನಿನ್ನ ಹೊಟ್ಟೆ ನೋಡು ಅಂದೆ, ಜಾರುವುದು ನಿಂತಿತು. ಕಾಲಿನಲ್ಲಿ ತಪ್ಪು ಹುಡುಕುವ ಮೊದಲು ಗದ್ದ ಎಲ್ಲಿದೆ ನೋಡಿ.

ಹಗ್ಗ ಬೇರೆಯೇ ದಾರಿ. ಹತ್ತಿಯ ಹಗ್ಗವೇ ಬೇಕು, ನೈಲಾನ್ ಜಾರುತ್ತದೆ, ಚರ್ಮ ಸುಡುತ್ತದೆ. ತೂಗಿಸುವ ತೊಲೆ, ಕೊಂಡಿ ಎಷ್ಟು ಭಾರ ತಡೆಯುತ್ತವೆ ಅನ್ನುವುದನ್ನು ಬಲ್ಲವರಿಗೆ ತೋರಿಸಿ. ದಿನಾ ಶುರುವಿಗೆ ಹಗ್ಗದ ಉದ್ದಕ್ಕೂ ಕೈ ಆಡಿಸಿ, ಎಳೆ ಕಿತ್ತಿದೆಯಾ ನೋಡಿ. ಹಗ್ಗದ ತುದಿ ಮ್ಯಾಟ್ ಮೇಲೆ ಸುರುಳಿಯಾಗಿ ಬಿದ್ದಿರಬಾರದು, ಇಳಿದ ಪಾದ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಹಗ್ಗ ತೂಗುವುದರಿಂದ ಇಲ್ಲಿ ಮ್ಯಾಟ್ ಇನ್ನಷ್ಟು ಅಗಲ ಬೇಕು, ಮತ್ತು ಕೆಳತುದಿಯನ್ನು ಒಬ್ಬರು ಅಲುಗದಂತೆ ಹಿಡಿದಿರಬೇಕು. ಅದು ಕಾಯುವವರ ಕೆಲಸ ಅಲ್ಲ, ಬೇರೆಯವರದು.

ಮೊದಲ ಪಾಠ ಕೂತೇ. ಕಾಲಿನ ಹೆಬ್ಬೆರಳು, ಪಕ್ಕದ ಬೆರಳಿನ ನಡುವೆ ಹಗ್ಗ ಹಿಡಿದು ಎತ್ತುವುದು. ಕೆಲವರಿಗೆ ವಾರಗಟ್ಟಲೆ ಬರಲ್ಲ, ಪರವಾಗಿಲ್ಲ. ಆಮೇಲೆ ಕೈ ಮೇಲೆ ಹಿಡಿದು, ಬೆರಳುಗಳಲ್ಲಿ ಹಗ್ಗ ಕಚ್ಚಿ, ಒಂದಡಿ ಎತ್ತರದಲ್ಲಿ ನಿಲ್ಲುವುದು. ಕೈಯಿಂದ ಕೈಗೆ ಇಳಿಯಬೇಕು, ಜಾರಿ ಬಂದರೆ ಅಂಗೈ ಕಿತ್ತು ಬರುತ್ತದೆ. ತೊಡೆಗೋ ಸೊಂಟಕ್ಕೋ ಸುತ್ತು ಹಾಕುವ ಹಂತ ಬಂದಾಗ, ಆ ಸುತ್ತನ್ನು ಮಗು ತಾನೇ ಬಿಡಿಸಿ ಇಳಿದು ತೋರಿಸಬೇಕು, ಅದೂ ಪಾದ ಮ್ಯಾಟ್‌ಗೆ ಎಟುಕುವ ಎತ್ತರದಲ್ಲಿ. ಕತ್ತಿಗೆ ಹಗ್ಗ ಯಾವತ್ತೂ ಬೇಡ, ಆಟಕ್ಕೂ ಬೇಡ. ಕ್ಲಾಸ್ ಮುಗಿದ ತಕ್ಷಣ ಹಗ್ಗವನ್ನು ಕೈಗೆಟುಕದ ಹಾಗೆ ಎತ್ತಿ ಕಟ್ಟಿಬಿಡಿ. ನೀವಿಲ್ಲದಾಗ ಮಕ್ಕಳು ಪ್ರಯತ್ನ ಮಾಡುವುದು ಇದರ ಮೇಲೆಯೇ.

ಯಾರಾದರೂ ತಲೆ ಮೊದಲು ಬಿದ್ದು ಕತ್ತು ನೋವು, ಕೈಕಾಲು ಜುಮ್ಮೆನ್ನುವುದು, ಮರಗಟ್ಟುವುದು ಅಂದರೆ ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಲು ತಲೆ ಎತ್ತಬೇಡಿ. ಬಿದ್ದ ಹಾಗೆಯೇ ಇರಲು ಬಿಟ್ಟು, ತಲೆ ಅಲುಗದಂತೆ ಒಬ್ಬರು ಹಿಡಿದು, 108ಕ್ಕೆ ಫೋನ್ ಮಾಡಿ.