ರೈಲ್ವೆ ಗೇಟು ಬಹಳ ಹೊತ್ತು ಮುಚ್ಚಿದ್ದು, ಮ್ಯಾಪಿನಲ್ಲಿ ಬೇರೆ ದಾರಿಯೇ ಕಾಣದಿದ್ದರೆ ಯಾವ ಸುತ್ತುದಾರಿ ಹಿಡಿಯಬೇಕು?

ಆಷಾಢದ ಒಂದು ಸಂಜೆ, ಬೀರೂರು–ಶಿವಮೊಗ್ಗ ಮಾರ್ಗದಲ್ಲಿ ತರೀಕೆರೆ ಕಡೆಯ ಒಂದು ಗೇಟಿನ ಮುಂದೆ ನಾನು ಕಾರಿನಲ್ಲಿ ಕುಳಿತಿದ್ದೆ. ರೈಲು ಹೋದರೂ ಗೇಟು ಏಳಲಿಲ್ಲ. ನನ್ನ ಮುಂದಿದ್ದ ಟ್ರ್ಯಾಕ್ಟರ್ ತಿರುಗಿ ಹಳಿಯ ಪಕ್ಕದ ಮಣ್ಣುದಾರಿ ಹಿಡಿದಾಗ, ಮ್ಯಾಪಿಗೆ ಗೊತ್ತಿಲ್ಲದ ದಾರಿ ಊರವರಿಗೆ ಗೊತ್ತಿರುತ್ತದೆಂದು ನಾನೂ ಹಿಂದೆಯೇ ಹೊರಟೆ.

ಮುಂದೆ ಹಳಿಯ ಅಡಿಯಲ್ಲಿ ಒಂದು ತಗ್ಗಿನ ಅಂಡರ್‌ಪಾಸ್ ಇತ್ತು, ಅದರಲ್ಲಿ ಮಳೆನೀರು ನಿಂತಿತ್ತು. ಟ್ರ್ಯಾಕ್ಟರ್ ನೀರಿಗಿಳಿದಾಗ ಮುಂದಿನ ಸಣ್ಣ ಗಾಲಿಯ ಅರ್ಧ ಮಾತ್ರ ಮುಳುಗಿದ್ದನ್ನು ನೋಡಿ, ನನ್ನ ಕಾರಿಗೂ ಅಷ್ಟೇ ಎಂದುಕೊಂಡೆ. ನನ್ನನ್ನು ಕೆಡಿಸಿದ್ದು ಈ ಒಂದು ಲೆಕ್ಕ. ನಾನು ನೋಡಿದ್ದು ಇಳಿಜಾರಿನ ಆರಂಭದ ಆಳ. ಎರಡೂ ಕಡೆಯ ಇಳಿಜಾರಿನ ನೀರು ಸೇರುವ ನಡುವಿನ ಆಳ ಅದಕ್ಕಿಂತ ಎಷ್ಟೋ ಹೆಚ್ಚು. ಅದೂ ಅಲ್ಲದೆ ಟ್ರ್ಯಾಕ್ಟರಿನ ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಎತ್ತರದಲ್ಲಿರುತ್ತದೆ, ನನ್ನ ಕಾರಿನದು ಹೆಡ್‌ಲೈಟಿನ ಮಟ್ಟದಲ್ಲಿತ್ತು. ನಡುವೆ ಎಂಜಿನ್ ನಿಂತಿತು. ಅಷ್ಟಕ್ಕೇ ಬಿಟ್ಟಿದ್ದರೆ ಒಣಗಿಸಿಕೊಂಡು ಹೋಗಬಹುದಿತ್ತೇನೋ, ಆದರೆ ನಾನು ಮತ್ತೆ ಕೀಲಿ ತಿರುಗಿಸಿದೆ. ಗಾಳಿಯಂತೆ ನೀರು ಕುಗ್ಗುವುದಿಲ್ಲವಾದ್ದರಿಂದ ಸಿಲಿಂಡರಿನೊಳಗೆ ಸೇರಿದ ನೀರಿನ ವಿರುದ್ಧ ಪಿಸ್ಟನ್ ಒತ್ತಿ, ಕನೆಕ್ಟಿಂಗ್ ರಾಡು ಬಾಗಿತು. ಕಾರನ್ನು ಹಗ್ಗ ಕಟ್ಟಿ ಎಳೆದದ್ದು ಅದೇ ಟ್ರ್ಯಾಕ್ಟರ್.

ಆದ್ದರಿಂದ, ಯಾವ ಸುತ್ತುದಾರಿ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮೊದಲು ಇಳಿದು ಗೇಟ್‌ಮ್ಯಾನ್ ಬಳಿ ಹೋಗಿ, "ಅಣ್ಣಾ, ಒಂದು ಗಾಡಿಯೋ, ಎರಡೋ, ಇಲ್ಲ ಹಳಿಯ ಕೆಲಸವೋ?" ಎಂದು ಕೇಳಿ. ಸ್ಟೇಷನ್ ಮಾಸ್ಟರ್ ಜೊತೆ ಫೋನಿನಲ್ಲಿ ಮಾತಾಡುವವರು ಅವರೇ, ಅವರಿಗೆ ಗೊತ್ತಿರುತ್ತದೆ. ಒಂಟಿ ಹಳಿಯ ಮಾರ್ಗದಲ್ಲಿ ಪಕ್ಕದ ನಿಲ್ದಾಣದಲ್ಲಿ ಎದುರುಬದುರಿನ ಎರಡು ಗಾಡಿಗಳ ಕ್ರಾಸಿಂಗ್ ಇದ್ದರೆ ಒಂದು ಬಂದ ಮೇಲೆಯೇ ಮತ್ತೊಂದು ಹೊರಡುತ್ತದೆ. ಗೇಟು ಸಿಗ್ನಲ್‌ಗೆ ಜೋಡಿಸಿದ್ದಾದರೆ, ಗಾಡಿಗೆ ಸಿಗ್ನಲ್ ಕೊಟ್ಟಾದ ಮೇಲೆ ಅವರು ಬಯಸಿದರೂ ಸುಮ್ಮನೆ ಗೇಟು ಎತ್ತಲಾಗದು. ಗಾಡಿ ಬರುವುದಿದ್ದರೆ ಎಂಜಿನ್ ಆರಿಸಿ ಕುಳಿತುಕೊಳ್ಳಿ. ಕೆಲಸವೆಂದರೆ ಮಾತ್ರ ತಿರುಗಿ, ಆಗಲೂ ಹತ್ತಿರದ ದಾರಿ ಕೇಳಬೇಡಿ, ಗೇಟು ಮುಚ್ಚಿದಾಗ ಬಸ್ಸು ಯಾವ ಕಡೆಯಿಂದ ಹೋಗುತ್ತದೆ ಎಂದು ಕೇಳಿ. ತಗ್ಗಿನ ಅಂಡರ್‌ಪಾಸ್‌ಗಳ ಮುಂದೆ ಸಾಮಾನ್ಯವಾಗಿ ಎತ್ತರದ ವಾಹನಗಳನ್ನು ತಡೆಯುವ ಅಡ್ಡಕಂಬ ಇರುವುದರಿಂದ ಬಸ್ಸು ಅಲ್ಲಿಗೆ ನುಗ್ಗುವುದು ಕಡಿಮೆ; ಬಸ್ಸಿನ ದಾರಿ ದೂರವಾದರೂ ಡಾಂಬರಿನ ಮೇಲಿರುತ್ತದೆ.

ಮರುದಿನ ಕಾರು ಸಾಗಿಸಲು ಹೋದಾಗ ಗೇಟ್‌ಮ್ಯಾನ್ ಹೇಳಿದರು: ನಾನು ತಿರುಗಿ ಹೋದ ಹತ್ತು ನಿಮಿಷಕ್ಕೆ ಎರಡನೆಯ ಗಾಡಿ ಬಂದು ಹೋಗಿತ್ತಂತೆ.